ಕಂಪನಿಯ ಪಿಪಿಟಿಯಲ್ಲಿ ಪುರಾವೆ ಬೇಕಾದ ಮಾತುಗಳನ್ನು ಗುರುತಿಸುವುದು ಹೇಗೆ?

ಮುಂಗಾರಿನ ನಾಟಿ ಹತ್ತಿರವಾದಾಗ ಸಿಂಧನೂರು, ಮಾನ್ವಿ, ಗಂಗಾವತಿ ಭಾಗದ ರೈತ ಉತ್ಪಾದಕ ಕಂಪನಿಗಳಿಗೆ ಗೊಬ್ಬರ ಹಾಗೂ ಜೈವಿಕ ಉತ್ತೇಜಕಗಳ ಮಾರಾಟ ಪ್ರತಿನಿಧಿಗಳು ಬಂದು ಪಿಪಿಟಿ ತೋರಿಸುತ್ತಾರೆ. ಅದರ ಸಾರವನ್ನು ಒಂದು ಪುಟದಲ್ಲಿ ಬರೆದು ನಿರ್ದೇಶಕರ ಸಭೆಗೆ ಒಪ್ಪಿಸುವ ಕೆಲಸ ಸಾಮಾನ್ಯವಾಗಿ ಸಿಇಒ ಅವರದು. ಮಾರುವವರು ಹೇಳಿಕೊಂಡ ಮಾತು ನಡೆದ ಸಂಗತಿಯಂತೆ ದಾಖಲಾಗುವುದು ಇದೇ ಹಂತದಲ್ಲಿ. ಟಿಪ್ಪಣಿಯನ್ನಷ್ಟೇ ಓದುವ ನಿರ್ದೇಶಕರಿಗೆ ಎರಡರ ವ್ಯತ್ಯಾಸ ತಿಳಿಯಲು ಬೇರೆ ದಾರಿಯಿರುವುದಿಲ್ಲ.

ಒಂದು ಕಾಲ್ಪನಿಕ ಸ್ಲೈಡ್ ಇಟ್ಟುಕೊಂಡು ನೋಡೋಣ: "ಕೃಷಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಲಾದ ನಮ್ಮ ಉತ್ಪನ್ನ ಭತ್ತದ ಇಳುವರಿಯನ್ನು ಶೇ 30ರವರೆಗೆ ಹೆಚ್ಚಿಸುತ್ತದೆ, ಯೂರಿಯಾ ಖರ್ಚನ್ನೂ ಉಳಿಸುತ್ತದೆ. ರೈತರ ಮೊದಲ ಆಯ್ಕೆ."

ಮೊದಲು ಇದನ್ನು ಬಿಡಿಸಿ, ಒಂದು ಸಾಲಿಗೆ ಒಂದೇ ಹೇಳಿಕೆ ಬರುವಂತೆ ಬರೆದುಕೊಳ್ಳಬೇಕು. ಪರೀಕ್ಷೆ, ಇಳುವರಿ, ಯೂರಿಯಾ, ಮೊದಲ ಆಯ್ಕೆ ಎಂದು ನಾಲ್ಕು ಸಾಲುಗಳಾಗುತ್ತವೆ. ಪ್ರತಿಯೊಂದರ ಮುಂದೆ ಸ್ಲೈಡ್ ಸಂಖ್ಯೆ ಹಾಕಬೇಕು. ಹೀಗೆ ಬಿಡಿಸದಿದ್ದರೆ ವಿಶ್ವವಿದ್ಯಾಲಯದ ಹೆಸರಿನ ತೂಕ ಪರೀಕ್ಷೆಯೇ ಆಗಿರದ ಯೂರಿಯಾ ಉಳಿತಾಯದ ಮಾತಿಗೂ ಸಿಕ್ಕಿಬಿಡುತ್ತದೆ. "ಮೊದಲ ಆಯ್ಕೆ" ಎಂಬುದು ಬರೀ ಹೊಗಳಿಕೆಯಾದ್ದರಿಂದ ಟಿಪ್ಪಣಿಯಿಂದ ಕೈಬಿಟ್ಟರೆ ಸಾಕು.

ಎರಡನೆಯದಾಗಿ, ಉಳಿದ ಪ್ರತಿ ಸಾಲು ನಿಜವೆನ್ನಲು ಯಾವ ಕಾಗದ ಬೇಕು ಎಂದು ಪಕ್ಕದಲ್ಲಿ ಬರೆಯಬೇಕು. "ಪರೀಕ್ಷಿಸಲಾಗಿದೆ" ಎಂಬ ಸಾಲಿನಲ್ಲಿ ಏನನ್ನು ಪರೀಕ್ಷಿಸಿದರು ಎಂಬುದೇ ಇಲ್ಲ. ಪ್ರಯೋಗಾಲಯಕ್ಕೆ ಒಂದು ಬಾಟಲಿ ಕಳುಹಿಸಿ ಅದರೊಳಗಿನ ಅಂಶಗಳನ್ನು ಅಳೆಯಿಸಿದರೂ ಅದು ಪರೀಕ್ಷೆಯೇ, ಆದರೆ ಇಳುವರಿಗೂ ಅದಕ್ಕೂ ಸಂಬಂಧವಿಲ್ಲ. ಇಳುವರಿಗೆ ಬೇಕಾದದ್ದು ಕ್ಷೇತ್ರ ಪ್ರಯೋಗದ ವರದಿ. ಅದರಲ್ಲಿ ವರ್ಷ, ಹಂಗಾಮು, ಸ್ಥಳ, ತಾಕುಗಳ ಸಂಖ್ಯೆ ಇರಬೇಕು. ಉತ್ಪನ್ನ ಸಿಂಪಡಿಸದ, ಆದರೆ ಉಳಿದೆಲ್ಲ ಗೊಬ್ಬರವನ್ನು ಅಷ್ಟೇ ಪ್ರಮಾಣದಲ್ಲಿ ಪಡೆದ ಹೋಲಿಕೆಯ ತಾಕಿನ ಲೆಕ್ಕವೂ ಇರಲೇಬೇಕು. ಬೇರೆ ಜಿಲ್ಲೆಯ ಕೆಂಪು ಮಣ್ಣಿನಲ್ಲಿ ಬಂದ ಫಲಿತಾಂಶ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಸವಳು ಎರೆಹೊಲದಲ್ಲೂ ಬರುತ್ತದೆಂದು ಹೇಳಲಾಗದು. ಆದ್ದರಿಂದ ಮಣ್ಣಿನ ವಿವರವನ್ನೂ ಕೇಳಬೇಕು.

ಇನ್ನು ಜೈವಿಕ ಉತ್ತೇಜಕಗಳು 2021ರ ತಿದ್ದುಪಡಿಯ ನಂತರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಆ ಆದೇಶದಡಿಯ ದಾಖಲೆಯ ಪ್ರತಿಯನ್ನು ಕೇಳಿ ಪಡೆಯಬೇಕು. ಆದರೆ ಮಾರಲು ಅನುಮತಿಯಿದೆ ಎಂಬುದನ್ನು ಶೇ 30ಕ್ಕೆ ಪುರಾವೆಯೆಂದು ಎಣಿಸಬಾರದು.

"ಶೇ 30ರವರೆಗೆ" ಎಂಬುದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಐದು ತಾಕುಗಳಲ್ಲಿ ಹೆಚ್ಚಳ ಕ್ರಮವಾಗಿ ಶೇ 30, 6, 4, 2 ಬಂದು, ಐದನೆಯದರಲ್ಲಿ ಶೇ 2ರಷ್ಟು ಇಳಿಕೆಯಾಯಿತು ಎಂದುಕೊಳ್ಳಿ. ಸರಾಸರಿ ಶೇ 8, ನಡುವಿನ ತಾಕಿನಲ್ಲಿ ಬರೀ ಶೇ 4. ಆದರೂ ಸ್ಲೈಡಿನ ಮಾತು ಅಕ್ಷರಶಃ ಸುಳ್ಳಲ್ಲ. ಅದನ್ನು ಟಿಪ್ಪಣಿಗೆ ಇಳಿಸುವಾಗ "ರವರೆಗೆ" ಬಿದ್ದುಹೋಗಿ "ಇಳುವರಿ ಶೇ 30 ಹೆಚ್ಚುತ್ತದೆ" ಎಂದಾದರೆ, ಕಂಪನಿಯೇ ಹೇಳದ ಮಾತನ್ನು ನಾವು ಹೇಳಿದಂತಾಯಿತು. ಇದಕ್ಕಿಂತ ಕೆಟ್ಟ ತಪ್ಪು ಈ ಕೆಲಸದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಎಲ್ಲ ತಾಕುಗಳ ಅಂಕಿಗಳನ್ನೂ ಕೇಳಬೇಕು.

ನಕ್ಷೆಯಿದ್ದರೆ ಅದರ ಬುಡ ನೋಡಬೇಕು. ಎಕರೆಗೆ 38 ಚೀಲ ಮತ್ತು 41 ಚೀಲಗಳ ಕಂಬಗಳನ್ನು ಸೊನ್ನೆಯ ಬದಲು 35ರಿಂದ ಎಳೆದರೆ, ಎರಡನೆಯದು ಮೊದಲನೆಯದರ ಇಮ್ಮಡಿ ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ಸುಮಾರು ಶೇ 8.

ಮೂರನೆಯದಾಗಿ, ಬೇಕಾದ ಕಾಗದಗಳ ಪಟ್ಟಿಯನ್ನು ಪ್ರತಿನಿಧಿಗೆ ಲಿಖಿತವಾಗಿ ಕಳುಹಿಸಿ, ಸಭೆಗೆ ಮುಂಚಿನ ಒಂದು ದಿನಾಂಕ ಕೊಡಬೇಕು. "ಸ್ಲೈಡ್ 4ರಲ್ಲಿ ಹೇಳಿದ ಶೇ 30 ಯಾವ ಊರಿನ, ಯಾವ ಹಂಗಾಮಿನ ಅಂಕಿ? ಹೋಲಿಕೆಯ ತಾಕಿಗೆ ಯಾವ ಗೊಬ್ಬರ ಎಷ್ಟು ಹಾಕಲಾಗಿತ್ತು? ದಯವಿಟ್ಟು ಪೂರ್ಣ ವರದಿ ಕಳುಹಿಸಿ" ಎಂಬಷ್ಟು ನೇರವಾಗಿ ಕೇಳಿದರೆ ಸಾಕು. ಉತ್ತರವಾಗಿ ರೈತರ ಮೆಚ್ಚುಗೆಯ ವಿಡಿಯೊಗಳೇ ಬಂದರೆ, ಕೇಳಿದ್ದು ಬಂದಿಲ್ಲವೆಂದೇ ಗುರುತು ಹಾಕಿಕೊಳ್ಳಬೇಕು.

ಕೊನೆಗೆ ಟಿಪ್ಪಣಿ ಬರೆಯುವಾಗ ಯಾರ ಮಾತು ಎಂಬುದೂ ಪುರಾವೆಯ ಸ್ಥಿತಿಯೂ ಹೇಳಿಕೆಯ ಜೊತೆಯಲ್ಲೇ ಇರಬೇಕು. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರೆ ಸಭೆಯಲ್ಲಿ ಓದಿ ಹೇಳುವಾಗ ಅದು ಬಿಟ್ಟುಹೋಗುತ್ತದೆ. ನಮ್ಮ ಉದಾಹರಣೆಯ ಸಾಲು ಹೀಗಾಗುತ್ತದೆ: "ಇಳುವರಿ ಶೇ 30ರವರೆಗೆ ಹೆಚ್ಚುತ್ತದೆ ಎಂದು ಕಂಪನಿ ಹೇಳುತ್ತದೆ (ಸ್ಲೈಡ್ 4), ಕ್ಷೇತ್ರ ಪ್ರಯೋಗದ ವರದಿ ಕೇಳಲಾಗಿದೆ, ಇನ್ನೂ ಬಂದಿಲ್ಲ." ವರದಿ ಬಂದು ಅಂಕಿಗಳು ಹೊಂದಿದರೆ ಈ ಸಾಲನ್ನು ಅಳಿಸಿ, ಪ್ರಯೋಗ ನಡೆದ ಸ್ಥಳ, ಹಂಗಾಮು ಮತ್ತು ಸರಾಸರಿ ಹೆಚ್ಚಳವನ್ನು ಬರೆಯಬೇಕು.