ಮೂರು ಸಮಯ, ಎರಡು ಅಂಕಿಯ ಉತ್ತರ: ಸಂದರ್ಶನದ ಮೇಲ್ ಬರೆದ ನನ್ನ ಅನುಭವ

ಪೀಣ್ಯದಲ್ಲಿರುವ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ನಾನು ನೇಮಕಾತಿಯ ಕೆಲಸ ನೋಡಿಕೊಳ್ಳುತ್ತೇನೆ. ಅಭ್ಯರ್ಥಿಗೆ ಒಂದೇ ಸಮಯ ಹೇಳಿ ಕರೆಯುವುದರ ಬದಲು ಮೂರು ಸಮಯ ಕೊಟ್ಟು ಆಯ್ಕೆ ಮಾಡಿಕೊಳ್ಳಲು ಬಿಡೋಣ ಎಂದು ನಾನು ಹೇಳಿದಾಗ, ಕೆಲಸ ಬೇಕಾದವರು ಕರೆದಾಗ ಬರುತ್ತಾರೆ, ಇದೆಲ್ಲ ಅನಗತ್ಯ ಗೊಂದಲ ಎಂಬ ಮಾತು ಒಳಗೂ ಹೊರಗೂ ಕೇಳಿಬಂತು. ಆಗ ಹತ್ತು ಜನರನ್ನು ಕರೆದರೆ ಐದಾರು ಜನ ಬರುತ್ತಿದ್ದರು, ಈಗ ಎಂಟೊಂಬತ್ತು ಜನ ಬರುತ್ತಾರೆ. ಬಾರದವರೂ ಹಿಂದಿನ ದಿನವೇ ತಿಳಿಸುತ್ತಾರೆ. ಈ ಬದಲಾವಣೆ ಸಂಪೂರ್ಣವಾಗಿ ಒಂದು ಮೇಲ್‌ನಿಂದ ಆದದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಣದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಆಡಳಿತದವರು ಒಪ್ಪಿದ್ದು ಅದನ್ನು ನೋಡಿಯೇ. ಜನ ಬಾರದೆ ಹುದ್ದೆ ಖಾಲಿ ಉಳಿದಾಗ ನಾವು ಕನ್ಸಲ್ಟೆನ್ಸಿಗೆ ಹೋಗುತ್ತಿದ್ದೆವು. ಅವರ ಶುಲ್ಕ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರದ ಹುದ್ದೆಗೆ ಸುಮಾರು ನಲವತ್ತು ಸಾವಿರ ರೂಪಾಯಿ ಖರ್ಚಾಗುತ್ತಿತ್ತು. ಆಯ್ಕೆ ಕೊಡುವ ಪದ್ಧತಿ ಬಂದ ಮೇಲಿನ ಆರೇಳು ತಿಂಗಳಲ್ಲಿ ಕನ್ಸಲ್ಟೆನ್ಸಿಗೆ ಕೊಟ್ಟದ್ದು ಒಂದೇ ಹುದ್ದೆಗೆ. ಅದೇ ಅವಧಿಯಲ್ಲಿ ಅಭ್ಯರ್ಥಿಗಳಿಗೆ ಬಸ್ ಖರ್ಚೆಂದು ಕೊಟ್ಟದ್ದು ನನ್ನ ನೆನಪಿನಂತೆ ಆರು ಸಾವಿರವೂ ದಾಟಲಿಲ್ಲ.

ಈ ದಾರಿಗೆ ಬರುವ ಮೊದಲು ಸಮಯ ಕಾಯ್ದಿರಿಸುವ ತಂತ್ರಾಂಶವೊಂದನ್ನು ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ ಕೊಟ್ಟು ಬಳಸಿದ್ದೆವು. ಲಿಂಕ್ ಒತ್ತಿ ಸಮಯ ಆರಿಸಿಕೊಳ್ಳಿ ಎಂದರೆ ಅರ್ಧದಷ್ಟು ಜನ ಒತ್ತಲೇ ಇಲ್ಲ. ವಿಚಾರಿಸಿದಾಗ ಕಾರಣ ತಿಳಿಯಿತು: ಕೆಲಸ ಕೊಡುತ್ತೇವೆ ಎಂದು ಲಿಂಕ್ ಕಳಿಸಿ ಹಣ ಕೀಳುವವರು ಎಷ್ಟು ಹೆಚ್ಚಾಗಿದ್ದಾರೆಂದರೆ, ಐಟಿಐ ಮತ್ತು ಡಿಪ್ಲೊಮಾ ಮುಗಿಸಿದ ಹುಡುಗರು ಅಪರಿಚಿತ ಲಿಂಕನ್ನು ಮುಟ್ಟುವುದೇ ಇಲ್ಲ. ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ. ಹಾಗಾಗಿ ತಂತ್ರಾಂಶವನ್ನು ನಿಲ್ಲಿಸಿ, ಮೇಲ್‌ಗೆ ಎರಡು ಅಂಕಿಗಳಲ್ಲಿ ಉತ್ತರ ಕೊಟ್ಟರೆ ಸಾಕು ಎಂಬ ವ್ಯವಸ್ಥೆಗೆ ಬಂದೆ. ಕಾರ್ಖಾನೆಯ ಸ್ಥಿರ ದೂರವಾಣಿ ಸಂಖ್ಯೆಯನ್ನೂ, ಯಾವ ಹಂತದಲ್ಲಿಯೂ ಹಣ ಕೇಳುವುದಿಲ್ಲ ಎಂಬ ಒಂದು ಸಾಲನ್ನೂ ಮೇಲ್‌ನ ಕೊನೆಯಲ್ಲಿ ಸೇರಿಸಿದೆ.

ಈಗ ಹೋಗುವ ಮೇಲ್‌ನ ಒಡಲು ಹೀಗಿರುತ್ತದೆ. ಗುಣಮಟ್ಟ ವಿಭಾಗದ ಒಂದು ಹುದ್ದೆಗೆ ಕಳಿಸಿದ್ದನ್ನೇ ಕೊಡುತ್ತಿದ್ದೇನೆ.

ವಿಷಯ: ಜೂನ್ 12ರಿಂದ 14: ನಿಮಗೆ ಅನುಕೂಲವಾದ ಸಮಯ ತಿಳಿಸಿ

ನಮಸ್ಕಾರ. ಗುಣಮಟ್ಟ ಪರೀಕ್ಷಕರ ಹುದ್ದೆಗೆ ನಿಮ್ಮೊಂದಿಗೆ ಮಾತನಾಡಲು ಕೆಳಗಿನ ಮೂರು ಸಮಯಗಳನ್ನು ಇರಿಸಿಕೊಂಡಿದ್ದೇವೆ.
1. ಜೂನ್ 12, ಗುರುವಾರ, ಸಂಜೆ 4.30
2. ಜೂನ್ 13, ಶುಕ್ರವಾರ, ಸಂಜೆ 4.30
3. ಜೂನ್ 14, ಶನಿವಾರ, ಬೆಳಿಗ್ಗೆ 9.30
ಇವುಗಳಲ್ಲಿ ಎರಡನ್ನು ನಿಮ್ಮ ಇಷ್ಟದ ಕ್ರಮದಲ್ಲಿ, ಉದಾಹರಣೆಗೆ ‘3, 1’ ಎಂದು, ಜೂನ್ 10ರ ಮಂಗಳವಾರ ಸಂಜೆ 5ರೊಳಗೆ ಇದೇ ಮೇಲ್‌ಗೆ ಉತ್ತರವಾಗಿ ಬರೆಯಿರಿ. ಮೂರೂ ಆಗದಿದ್ದರೆ ‘0’ ಎಂದು ಬರೆಯಿರಿ, ನಾವೇ ಕರೆ ಮಾಡುತ್ತೇವೆ. ನಿಗದಿಯಾದ ಸಮಯವನ್ನು ಅಂದೇ ಸಂಜೆ 6ರ ನಂತರ ತಿಳಿಸುತ್ತೇವೆ.
ನೇರವಾಗಿ ಬಂದರೆ ಗೇಟ್ ಪಾಸ್‌ಗೆ 15 ನಿಮಿಷ, ಡ್ರಾಯಿಂಗ್ ಓದುವ ಮತ್ತು ಅಳತೆ ತೆಗೆಯುವ ಪರೀಕ್ಷೆಗೆ 20 ನಿಮಿಷ, ಮಾತುಕತೆಗೆ 40 ನಿಮಿಷ ಬೇಕಾಗುತ್ತದೆ. ಒಳಗೆ ಬಂದ ಒಂದೂವರೆ ಗಂಟೆಯೊಳಗೆ ನಿಮ್ಮನ್ನು ಬಿಡುತ್ತೇವೆ. ವಿಡಿಯೊ ಮೂಲಕ ಬೇಕಿದ್ದರೆ ಅಂಕಿಯ ಮುಂದೆ ‘ವಿ’ ಎಂದು ಬರೆಯಿರಿ. ಅದು 40 ನಿಮಿಷ. ಆಯ್ಕೆಯಾದರೆ ಪರೀಕ್ಷೆಗಾಗಿ ಒಮ್ಮೆ ಬರಬೇಕಾಗುತ್ತದೆ.
ಕಡ್ಡಾಯವಾಗಿ ತರಬೇಕಾದದ್ದು: ಫೋಟೊ ಇರುವ ಒಂದು ಗುರುತಿನ ಚೀಟಿ ಮತ್ತು ಕೊನೆಯ ವಿದ್ಯಾರ್ಹತೆಯ ಮಾರ್ಕ್ಸ್ ಕಾರ್ಡ್. ಇದ್ದರೆ ತನ್ನಿ: ಅನುಭವ ಪತ್ರ. ಈಗ ಬೇಡ: ಸಂಬಳದ ಚೀಟಿ, ರಿಲೀವಿಂಗ್ ಲೆಟರ್, ಪಿಎಫ್ ವಿವರ. ಮೂಲ ಪತ್ರವನ್ನು ನಿಮ್ಮ ಎದುರಿಗೇ ನೋಡಿ ಆಗಲೇ ಹಿಂದಿರುಗಿಸುತ್ತೇವೆ.

ಇಲ್ಲಿಗೆ ಬರುವ ದಾರಿಯ ಸಾಲುಗಳು ಇದರ ಕೆಳಗೆ ಇರುತ್ತವೆ: ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಿಂದ ಎಷ್ಟು ದೂರ, ತುಮಕೂರು ಕಡೆಯ ಬಸ್ಸಿನವರು ಎಲ್ಲಿ ಇಳಿಯಬೇಕು ಎಂಬಷ್ಟೇ ವಿವರ.

ಒಂದೇ ಸಮಯವನ್ನು ಇಬ್ಬರು ಕೇಳಿದರೆ ಏನು ಗತಿ ಎಂಬುದೇ ಸಂದೇಹಪಟ್ಟವರೆಲ್ಲರ ಪ್ರಶ್ನೆಯಾಗಿತ್ತು. ಎಲ್ಲರಿಗೂ ಅವೇ ಮೂರು ಸಮಯಗಳನ್ನು ಕೊಟ್ಟು, ಮೊದಲು ಬಂದವರಿಗೆ ಮೊದಲು ಎಂದು ನಡೆಸಿದ ಆರಂಭದ ಸುತ್ತು ನಿಜವಾಗಿಯೂ ಕೆಟ್ಟಿತು. ತಡವಾಗಿ ಉತ್ತರಿಸಿದವರಿಗೆ ಏನೂ ಉಳಿಯದೆ ಇಬ್ಬರು ಬೇಸರಗೊಂಡು ಹೋದರು. ಅದರ ನಂತರ ಕಂಡುಕೊಂಡ ನಿಯಮ ಸರಳವಾಗಿದೆ. ಪ್ರತಿಯೊಬ್ಬರಿಗೂ ಮೂರು ಸಮಯ ಕೊಡುವುದಾದರೆ, ಯಾವ ಒಂದು ಸಮಯವನ್ನೂ ಮೂವರಿಗಿಂತ ಹೆಚ್ಚು ಜನರಿಗೆ ಕೊಡಬಾರದು. ಹೀಗೆ ಮಾಡಿದರೆ, ಪ್ರತಿಯೊಬ್ಬರೂ ತಮ್ಮ ಮೂರರಲ್ಲಿ ಯಾವುದಕ್ಕಾದರೂ ಸಿದ್ಧರಿರುವಾಗ, ಒಬ್ಬರಿಗೊಂದು ಸಮಯ ಸಿಕ್ಕೇ ಸಿಗುತ್ತದೆ. ಯಾವ ನಾಲ್ವರನ್ನು ತೆಗೆದುಕೊಂಡರೂ ಅವರ ಕೈಯಲ್ಲಿ ಒಟ್ಟು ಹನ್ನೆರಡು ಆಯ್ಕೆಗಳಿರುತ್ತವೆ, ಒಂದು ಸಮಯ ಹೆಚ್ಚೆಂದರೆ ಮೂರು ಬಾರಿ ಬರುತ್ತದೆ, ಆದ್ದರಿಂದ ಅವರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸಮಯಗಳು ಇರಲೇಬೇಕು. ಐವರಿಗೂ ಆರು ಜನರಿಗೂ ಇದೇ ಲೆಕ್ಕ ನಡೆಯುತ್ತದೆ. ಜನ ಎರಡನ್ನು ಮಾತ್ರ ಒಪ್ಪುವುದರಿಂದ ಈ ಭರವಸೆ ಸ್ವಲ್ಪ ಸಡಿಲಾಗುತ್ತದೆ. ಅದನ್ನು ತುಂಬಲು ಯಾರಿಗೂ ಹೇಳದ ಒಂದು ಸಮಯವನ್ನು ಸಂದರ್ಶನ ನಡೆಸುವ ಪ್ಯಾನೆಲ್‌ನವರ ಬಳಿ ಕಾಯ್ದಿಟ್ಟುಕೊಳ್ಳುತ್ತೇನೆ.

ಮೇಲಿನ ಹುದ್ದೆಗೆ ಆರು ಅಭ್ಯರ್ಥಿಗಳಿದ್ದರು. ಪ್ಯಾನೆಲ್‌ನ ಇಬ್ಬರಿಂದ ಮೂರು ದಿನಗಳಲ್ಲಿ ಎಂಟು ಸಮಯಗಳನ್ನು ಬರಹದಲ್ಲಿಯೇ ಪಡೆದೆ, ಏಕೆಂದರೆ ಬಾಯಿಮಾತಿನಲ್ಲಿ ಕೊಟ್ಟ ಸಮಯ ಉತ್ಪಾದನೆಯ ಒತ್ತಡ ಬಂದ ಕೂಡಲೇ ಮಾಯವಾಗುತ್ತದೆ. ಏಳನ್ನು ಹಂಚಿ, ಶನಿವಾರ 12.30ನ್ನು ಕಾಯ್ದಿಟ್ಟೆ. ಇಬ್ಬರು ಅಭ್ಯರ್ಥಿಗಳು ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರ ಶಿಫ್ಟ್‌ನಲ್ಲಿದ್ದರು, ಅವರಿಗೆ ಎರಡೂ ಸಂಜೆಗಳನ್ನು ಕೊಟ್ಟಿದ್ದೆ. ಇಬ್ಬರೂ ಗುರುವಾರವನ್ನೇ ಮೊದಲು ಬರೆದರು, ಶುಕ್ರವಾರವನ್ನು ಎರಡನೆಯದಾಗಿ ಬರೆದರು. ಮೊದಲು ಉತ್ತರಿಸಿದವರಿಗೆ ಗುರುವಾರ, ಇನ್ನೊಬ್ಬರಿಗೆ ಶುಕ್ರವಾರ ಹೋಯಿತು. ತುಮಕೂರಿನವರೊಬ್ಬರೂ ದುಬೈನಲ್ಲಿದ್ದ ಕನ್ನಡಿಗರೊಬ್ಬರೂ ಶನಿವಾರ 11 ಗಂಟೆಯನ್ನು ಮೊದಲು ಬರೆದಿದ್ದರು. ದುಬೈನವರಿಗೆ ರಜೆಯ ದಿನವೇ ಬೇಕಿದ್ದುದರಿಂದ ಅದನ್ನು ಅವರಿಗೆ ಕೊಟ್ಟು, ತುಮಕೂರಿನವರಿಗೆ ಅವರ ಎರಡನೆಯ ಆಯ್ಕೆಯಾದ ಗುರುವಾರ 11.30ನ್ನು ಕೊಟ್ಟೆ. ಕಾಯ್ದಿಟ್ಟ ಸಮಯ ಆ ಬಾರಿ ಬೇಕಾಗಲಿಲ್ಲ. ಮಂಗಳವಾರದವರೆಗೆ ಯಾರಿಗೂ ಖಚಿತ ಮಾಡದೆ ಕಾಯ್ದು, ಎಲ್ಲವನ್ನೂ ಒಟ್ಟಿಗೆ ಹಂಚುವುದು ಇಲ್ಲಿನ ಜೀವಾಳ. ಬಂದ ಉತ್ತರಗಳಿಗೆ ‘ತಲುಪಿದೆ’ ಎಂದು ಮಾತ್ರ ಆಗಲೇ ಬರೆಯಬೇಕು.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಅವರ ಮೇಲ್‌ನಲ್ಲಿ ಎರಡೂ ಕಡೆಯ ಗಂಟೆಗಳನ್ನು ಬರೆದೆ: ಭಾರತದಲ್ಲಿ ಬೆಳಿಗ್ಗೆ 11, ನಿಮ್ಮಲ್ಲಿ 9.30. ಕ್ಯಾಲೆಂಡರ್ ಆಹ್ವಾನ ತಾನಾಗಿಯೇ ಅಲ್ಲಿನ ಸಮಯವನ್ನು ತೋರಿಸುತ್ತದೆ ನಿಜ, ಆದರೆ ಆಯ್ಕೆಯ ಮೇಲ್‌ನಲ್ಲಿ ಇರುವುದು ಬರಿಯ ಅಕ್ಷರ, ಅದು ತಾನಾಗಿ ಬದಲಾಗುವುದಿಲ್ಲ. ವಿಡಿಯೊಗೆ ಸಂಬಂಧಿಸಿದ ಇನ್ನೊಂದು ಮಾತು: ಉಚಿತ ಖಾತೆಯ ಗೂಗಲ್ ಮೀಟ್‌ನಲ್ಲಿ ಮೂವರು ಸೇರಿದರೆ 60 ನಿಮಿಷದ ಮಿತಿ ಇದೆ. ನಮ್ಮ ಪ್ಯಾನೆಲ್ ಇಬ್ಬರದ್ದಾದ್ದರಿಂದ ಅಭ್ಯರ್ಥಿಯೂ ಸೇರಿ ಮೂವರಾಗುತ್ತಾರೆ. 40 ನಿಮಿಷ ಎಂದು ನಿಗದಿ ಮಾಡಿದ್ದಕ್ಕೆ ಇದೂ ಒಂದು ಕಾರಣ. ದೂರವಾಣಿಯ ಮಾತುಕತೆಯನ್ನೂ ಮೂರನೆಯ ಆಯ್ಕೆಯಾಗಿ ಕೆಲವು ವಾರ ಇಟ್ಟು ನೋಡಿದೆವು. ಶಿಫ್ಟ್‌ನ ನಡುವೆ ಯಂತ್ರದ ಸದ್ದಿನಲ್ಲಿ ನಿಂತು ಮಾತನಾಡುವವರೇ ಹೆಚ್ಚಾದ್ದರಿಂದ ಅದನ್ನು ಕೈಬಿಟ್ಟೆವು.

ಅವಧಿಯ ಸಾಲು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ‘ಸಂದರ್ಶನ ಬೆಳಿಗ್ಗೆ 10ಕ್ಕೆ’ ಎಂದಷ್ಟೇ ಇರುತ್ತಿತ್ತು, ಬಂದವರು ಮಧ್ಯಾಹ್ನದವರೆಗೆ ಗೇಟಿನ ಬಳಿ ಕೂರುತ್ತಿದ್ದರು, ಆ ಸುದ್ದಿ ಒಬ್ಬರಿಂದೊಬ್ಬರಿಗೆ ಹಬ್ಬುತ್ತಿತ್ತು. ಈಗಿರುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಬೇಕೋ ಪೂರ್ತಿ ದಿನವೋ ಎಂಬುದನ್ನು ಅಭ್ಯರ್ಥಿ ಮೊದಲೇ ತಿಳಿಯಬೇಕು. ಒಂದು ದಿನದ ಸಂಬಳ ಹೋಗುತ್ತದೆ ಎಂಬ ಕಾರಣಕ್ಕೇ ಬಾರದವರು ಹಲವರಿದ್ದರು. ಇದಕ್ಕೊಂದು ಷರತ್ತಿದೆ: ಬರೆದ ಅವಧಿಯನ್ನು ಪ್ಯಾನೆಲ್ ಮೀರಬಾರದು. ಎರಡು ಸಂದರ್ಶನಗಳ ಆರಂಭದ ನಡುವೆ ಒಂದೂವರೆ ಗಂಟೆ ಬಿಡುವುದು ಇದಕ್ಕಾಗಿಯೇ.

ದಾಖಲೆಗಳ ವಿಷಯದಲ್ಲಿ ಹಳೆಯ ಮೇಲ್‌ನಲ್ಲಿ ಹದಿಮೂರೋ ಹದಿನಾಲ್ಕೋ ಹೆಸರುಗಳ ಪಟ್ಟಿ ಇತ್ತು. ರಿಲೀವಿಂಗ್ ಲೆಟರ್ ಸಿಕ್ಕಿಲ್ಲ, ಸಿಕ್ಕ ಮೇಲೆ ಬರುತ್ತೇನೆ ಎಂದು ಮುಂದೂಡಿದವರು ಮತ್ತೆ ಬರಲಿಲ್ಲ. ಕೆಲಸ ಬಿಡದೇ ಇರುವವರ ಬಳಿ ಆ ಪತ್ರ ಇರುವುದಾದರೂ ಹೇಗೆ? ‘ಈಗ ಬೇಡ’ ಎಂಬ ಸಾಲನ್ನು ಸೇರಿಸಿದ ಮೇಲೆ ಮುಂದೂಡಿಕೆ ಬಹುತೇಕ ನಿಂತಿದೆ. ಮೂಲ ಪತ್ರಗಳನ್ನು ಇಟ್ಟುಕೊಂಡುಬಿಡುತ್ತಾರೆ ಎಂಬ ಭಯವೂ ಹಲವರಲ್ಲಿದೆ, ಹಿಂದಿರುಗಿಸುತ್ತೇವೆ ಎಂಬ ಮಾತನ್ನು ಅದಕ್ಕಾಗಿ ಬರೆಯುತ್ತೇನೆ. ಆಧಾರ್ ತೋರಿಸುವವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು ಎಂದು ಗೇಟಿನವರಿಗೂ ತಿಳಿಸಿದ್ದೇವೆ.

ಭಾಷೆಯ ಪ್ರಯೋಗವನ್ನೂ ಮಾಡಿದೆ. ಇಂಗ್ಲಿಷ್ ಒಂದರಲ್ಲೇ, ಕನ್ನಡ ಒಂದರಲ್ಲೇ, ಮೇಲೆ ಕನ್ನಡ ಕೆಳಗೆ ಇಂಗ್ಲಿಷ್ ಎಂದು ಮೂರು ಬಗೆಯಲ್ಲಿ ಕಳಿಸಿದಾಗ, ಮೂರನೆಯದಕ್ಕೆ ಉತ್ತರ ಬೇಗ ಬಂತು, ಸಂದೇಹದ ಕರೆಗಳೂ ಕಡಿಮೆಯಾದವು. ಕಳಿಸುವ ಹೊತ್ತಿನಿಂದಲೂ ವ್ಯತ್ಯಾಸವಾಗುತ್ತದೆ, ಶಿಫ್ಟ್ ಮುಗಿಯುವ ಮಧ್ಯಾಹ್ನ ಎರಡರ ಆಸುಪಾಸಿನಲ್ಲಿ ಕಳಿಸಿದ್ದು ಮೇಲೆಯೇ ಉಳಿದು ಕಣ್ಣಿಗೆ ಬೀಳುತ್ತದೆ. ವಿಷಯದ ಸಾಲಿನಲ್ಲಿ ‘ಸಂದರ್ಶನ’ ಎಂಬ ಪದವನ್ನೇ ನಾನು ಹಾಕುವುದಿಲ್ಲ, ಏಕೆಂದರೆ ಈಗಿನ ಕೆಲಸದ ಜಾಗದಲ್ಲಿ ಫೋನಿನ ಪರದೆಯ ಮೇಲೆ ಅದು ಮೂಡಿದರೆ ಅಭ್ಯರ್ಥಿಗೆ ತೊಂದರೆಯಾಗುತ್ತದೆ. ಬಯೊಡೇಟಾದಲ್ಲಿ ಅವರ ಈಗಿನ ಕಚೇರಿಯ ಮೇಲ್ ವಿಳಾಸ ಇದ್ದರೆ, ಮೊದಲು ಕರೆ ಮಾಡಿ ಸ್ವಂತ ವಿಳಾಸ ಕೇಳಿಕೊಂಡು ಅದಕ್ಕೇ ಕಳಿಸುತ್ತೇನೆ. ಕ್ಯಾಲೆಂಡರ್ ಆಹ್ವಾನ ಹೋಗುವುದೂ ಸಮಯ ಖಚಿತವಾದ ಮೇಲೆ, ಆ ವಿಳಾಸಕ್ಕೆ ಮಾತ್ರ.

ಖಚಿತಪಡಿಸುವ ಮೇಲ್‌ನಲ್ಲಿ ಹೆಚ್ಚೇನನ್ನೂ ಬರೆಯುವುದಿಲ್ಲ. ನಿಗದಿಯಾದ ದಿನ, ವಾರ, ಗಂಟೆ, ಕಡ್ಡಾಯದ ಎರಡು ದಾಖಲೆ, ಗೇಟಿನಲ್ಲಿ ಯಾರ ಹೆಸರು ಹೇಳಬೇಕು ಎಂಬುದು, ಜೊತೆಗೆ ‘ಬರಲಾಗದಿದ್ದರೆ ಹಿಂದಿನ ದಿನ ಸಂಜೆ 6ರೊಳಗೆ ತಿಳಿಸಿ, ಒಮ್ಮೆ ಸಮಯ ಬದಲಿಸಿಕೊಡುತ್ತೇವೆ’ ಎಂಬ ಸಾಲು. ಕಾಯ್ದಿಟ್ಟ ಸಮಯ ಹೆಚ್ಚಾಗಿ ಬಳಕೆಯಾಗುವುದು ಈ ಸಾಲಿಗೆ ಬಂದ ಉತ್ತರಗಳಿಗಾಗಿಯೇ.