ಲೇಹ್‌ಗೆ ಹೊರಟವರು ಎಲ್ಲಿ ನಿಲ್ಲಬೇಕು, ಯಾವಾಗ ಇಳಿಯಬೇಕು

ಮುಳ್ಳಯ್ಯನಗಿರಿಯನ್ನು ಏದುಸಿರಿಲ್ಲದೆ ಹತ್ತುವವರಿಗೆ ಲಡಾಖ್ ಏನೂ ಮಾಡದು ಎಂಬ ಮಾತನ್ನು ಚಿಕ್ಕಮಗಳೂರಿನ ಪ್ರವಾಸಿ ತಂಡಗಳಲ್ಲಿ ಪದೇ ಪದೇ ಕೇಳುತ್ತೇನೆ. ನಮ್ಮ ಗಿರಿಯ ತುದಿ ಸುಮಾರು 1,930 ಮೀಟರ್; ವಿಮಾನ ಇಳಿಸುವ ಲೇಹ್ ಪಟ್ಟಣವೇ ಸುಮಾರು 3,500 ಮೀಟರ್. ಕಾಲಿನ ಬಲಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ.

ಹೊರಡುವ ಮೊದಲು ವೈದ್ಯರನ್ನು ಕಂಡು ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಕೇಳಿ. ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ವಿಮಾನ ಹತ್ತುವ ಹಿಂದಿನ ದಿನದಿಂದ ಆರಂಭಿಸಿ, ಲೇಹ್ ತಲುಪಿದ ಮೇಲೂ ಎರಡು ದಿನ ಕೊಡುತ್ತಾರೆ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಇದರ ಸಹಜ ಪರಿಣಾಮ. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕರ್ಪೂರ ಮೂಸುವುದರಿಂದ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಸಿಗುವ ಪುಟ್ಟ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಅದಕ್ಕೆ ಹಣ ಸುರಿಯಬೇಡಿ.

ಲೇಹ್‌ನಲ್ಲಿ ಮೊದಲ ಎರಡು ದಿನ ವಿಶ್ರಾಂತಿ. ಮದ್ಯ ಮತ್ತು ನಿದ್ರೆಮಾತ್ರೆ ಬೇಡ. ಆದರೆ ಕಾಫಿ ಬಿಡಬೇಡಿ: ದಿನಕ್ಕೆ ನಾಲ್ಕು ಲೋಟ ಕುಡಿಯುವ ನಮ್ಮವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಬರುವ ತಲೆನೋವನ್ನು ಎತ್ತರದ ತಲೆನೋವಿನಿಂದ ಬೇರ್ಪಡಿಸುವುದು ಕಷ್ಟ.

ಜನರು ಎಡವುವುದು ಇದರ ನಂತರ. ನಾನಿದ್ದ ತಂಡವೊಂದು ರಜೆ ಉಳಿಸಲು ಎರಡನೆಯ ದಿನವೇ ಸುಮಾರು 4,250 ಮೀಟರ್ ಎತ್ತರದ ಪ್ಯಾಂಗಾಂಗ್ ಸರೋವರದ ಬಳಿ ತಂಗಿತು. ಮಲಗುವ ಜಾಗದ ಎತ್ತರ ಒಂದೇ ದಿನದಲ್ಲಿ 750 ಮೀಟರ್ ಏರಿತ್ತು. 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು. ಸಂಜೆ ತಂಡದ ಹಿರಿಯರೊಬ್ಬರಿಗೆ ತಲೆನೋವು, ವಾಕರಿಕೆ ಶುರುವಾಯಿತು. ಅವರು ಅದನ್ನು ಗ್ಯಾಸ್ಟ್ರಿಕ್ ಎಂದರು, ನಾವೂ ನಂಬಿದೆವು. ಪ್ಯಾರಾಸಿಟಮಾಲ್ ನುಂಗಿ ಮಲಗಿದವರು ರಾತ್ರಿ ಶೌಚಕ್ಕೆ ಎದ್ದಾಗ ಕುಡಿದವರಂತೆ ತೂರಾಡುತ್ತಿದ್ದರು.

ಮಾತ್ರೆ ಮತ್ತು ವಿಶ್ರಾಂತಿಯಿಂದ ತಲೆನೋವು ಕಡಿಮೆಯಾದರೆ ಅಲ್ಲೇ ಉಳಿಯಬಹುದು, ಪೂರ್ತಿ ಹೋಗುವವರೆಗೆ ಮೇಲೇರುವಂತಿಲ್ಲ. ಅದು ಹೆಚ್ಚುತ್ತಲೇ ಇದ್ದರೆ ಇಳಿಯಬೇಕು. ಅನುಮಾನವಿದ್ದರೆ ರೋಗಿಯನ್ನು ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಕಾಲ್ಬೆರಳಿಗೆ ತಾಗಿಸುತ್ತ ನೇರ ಗೆರೆಯ ಮೇಲೆ ನಡೆಸಿ ನೋಡಿ: ತಪ್ಪಿದರೆ ಮೆದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಿರಿ. ಸುಮ್ಮನೆ ಕುಳಿತಾಗಲೂ ಉಬ್ಬಸ ಬಂದರೆ, ಕೆಮ್ಮು ಹೆಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಈ ಎರಡರಲ್ಲೂ ಬೆಳಗಿನವರೆಗೆ ಕಾಯದೆ ಇಳಿಸಬೇಕು. ಡೆಕ್ಸಾಮೆಥಸೋನ್‌ನಂಥ ಔಷಧಿಯು ಇಳಿಯಲು ಸಮಯ ಕೊಡುತ್ತದೆಯೇ ಹೊರತು ಅಲ್ಲಿಯೇ ಉಳಿಯಲು ಅಲ್ಲ.

ಪ್ಯಾಂಗಾಂಗ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿಂದ ಲೇಹ್‌ಗೆ ಮರಳುವ ಮುಖ್ಯ ದಾರಿ 5,000 ಮೀಟರ್ ಮೀರಿದ ಚಾಂಗ್ ಲಾ ಘಾಟಿಯನ್ನು ಹತ್ತಿ ಇಳಿಯುತ್ತದೆ, ಅಂದರೆ ಕೆಳಗಿಳಿಯಲು ಮೊದಲು ಮೇಲೇರಬೇಕು. ಆ ರಾತ್ರಿ ನಮ್ಮ ವಾಹನದಲ್ಲಿ ಲೇಹ್‌ನಲ್ಲಿ ಬಾಡಿಗೆಗೆ ತಂದ ದೊಡ್ಡ ಸಿಲಿಂಡರ್ ಇದ್ದುದರಿಂದ ಆಮ್ಲಜನಕ ಹಾಕಿಕೊಂಡೇ ಘಾಟಿ ದಾಟಿದೆವು, ಮಧ್ಯಾಹ್ನದ ಹೊತ್ತಿಗೆ ಹಿರಿಯರು ಲೇಹ್‌ನಲ್ಲಿ ನೇರವಾಗಿ ನಡೆದರು. ಆ ಸಿಲಿಂಡರ್ ಇಲ್ಲದ ವಾಹನದಲ್ಲಿ ಪ್ಯಾಂಗಾಂಗ್‌ಗೆ ಹೊರಡಲು ನಾನು ಒಪ್ಪುವುದಿಲ್ಲ.