ಅತ್ತೆಯ ಫೋಟೋದ ಹಿಂದಿದ್ದ ನೀಲಿ ಡ್ರಮ್

ಸಾಗರದಲ್ಲಿರುವ ನನ್ನ ಸೋದರತ್ತೆಗೆ ಎಪ್ಪತ್ತು ತುಂಬುವ ಹೊತ್ತಿಗೆ ಮನೆಯವರೆಲ್ಲ ಸೇರಿ ಒಂದು ಆಮಂತ್ರಣ ಪತ್ರಿಕೆ ಮಾಡಿಸೋಣ ಎಂದುಕೊಂಡೆವು. ಅದಕ್ಕೆ ಬೇಕಾದ ಫೋಟೋ ನನ್ನ ಮೊಬೈಲಿನಲ್ಲಿಯೇ ಇತ್ತು. ಹಿಂದಿನ ಸಲ ಊರಿಗೆ ಹೋದಾಗ ಬೆಳಗಿನ ಎಳೆಬಿಸಿಲಿನಲ್ಲಿ ಹಿತ್ತಲಲ್ಲಿ ನಿಂತ ಅತ್ತೆ ಯಾರದೋ ಮಾತಿಗೆ ನಕ್ಕಿದ್ದರು. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಳ್ಳುವವರ ಅಂಥ ನಗು ಮತ್ತೆ ಸಿಗುವುದಿಲ್ಲ. ಆದರೆ ಅವರ ಹಿಂದೆ ಇಡೀ ಹಿತ್ತಲೇ ಇತ್ತು. ಸುಣ್ಣದ ಗೋಡೆಗೆ ಅಡ್ಡವಾಗಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಿವಿಯ ಮಟ್ಟದಲ್ಲಿ ಹಾದು ಹೋಗಿತ್ತು. ಎಡತುದಿಯಲ್ಲಿ ಅರ್ಧ ಬೈರಾಸು, ಬಲ ಹೆಗಲ ಮೇಲೆ ಗೋಡೆಗೆ ಹೊಡೆದ ಒಂದು ಮೊಳೆ, ಮೊಣಕೈ ಪಕ್ಕದಲ್ಲಿ ನೀರು ತುಂಬಿಡುವ ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್. ಫೋಟೋ ನೋಡಿದವರ ಕಣ್ಣು ಮೊದಲು ಹೋಗುತ್ತಿದ್ದುದು ಡ್ರಮ್ಮಿಗೆ, ಆಮೇಲೆ ಅತ್ತೆಯ ಮುಖಕ್ಕೆ.

ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್ ನನ್ನ ಮೊಬೈಲಿನಲ್ಲಿ ಬಹಳ ಕಾಲದಿಂದ ಇದೆ. ಮೊದಲ ಪ್ರಯತ್ನದಲ್ಲಿ ಅದರಲ್ಲಿ ಬೇಡದ್ದನ್ನು ಅಳಿಸುವ ಹೀಲಿಂಗ್ ಎಂಬ ಉಪಕರಣ ತೆರೆದು ನೇರವಾಗಿ ಡ್ರಮ್ಮಿನ ಮೇಲೆಯೇ ಬೆರಳು ಉಜ್ಜಿದೆ. ಬೆರಳು ಎತ್ತಿದ ಕ್ಷಣ ಡ್ರಮ್ ಇದ್ದ ಜಾಗದಲ್ಲಿ ಗೋಡೆಯ ಸುಣ್ಣ, ಸೀರೆಯ ಅಂಚು, ನೆಲದ ಮಣ್ಣು ಎಲ್ಲ ಕಲಸಿಕೊಂಡು ಕೂತಿತು. ಅತ್ತೆಯ ಮೊಣಕೈಯ ಒಂದು ತುಣುಕು ಅದರ ಮಧ್ಯೆ ತೇಲುತ್ತಿತ್ತು. ಎರಡು, ಮೂರು ಸಲ ಉಜ್ಜಿದಂತೆಲ್ಲ ಅದು ಇನ್ನಷ್ಟು ಕೆಟ್ಟಿತು.

ಹೀಗಾಗಲು ಕಾರಣವಿದೆ. ಹೀಲಿಂಗ್ ನಾವು ಮುಟ್ಟಿದ ಜಾಗವನ್ನು ಅದರ ಆಸುಪಾಸಿನಲ್ಲಿ ಸಿಕ್ಕಿದ್ದರಿಂದ ತುಂಬಿಸುತ್ತದೆ. ಎಲ್ಲಿಂದ ತೆಗೆದುಕೊಳ್ಳಬೇಕು ಎಂದು ನಾವು ಹೇಳಲು ಅದರಲ್ಲಿ ಅವಕಾಶವಿಲ್ಲ. ಸುತ್ತ ಒಂದೇ ತೆರನಾದ ಗೋಡೆ ಇದ್ದರೆ ಅದು ಗೋಡೆಯನ್ನೇ ತರುತ್ತದೆ. ಡ್ರಮ್ಮಿನ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕೈ, ಕೆಳಗೆ ನೆಲ. ಮೂರನ್ನೂ ಬೆರೆಸುವುದು ಬಿಟ್ಟು ಅದಕ್ಕೆ ಬೇರೆ ದಾರಿಯಿರಲಿಲ್ಲ. ಅಲ್ಲಿಂದಾಚೆ ಯಾವ ಫೋಟೋ ಹಿಡಿದರೂ ಮೊದಲು ಒಂದು ವಿಂಗಡಣೆ ಮಾಡುತ್ತೇನೆ. ಸಣ್ಣದು, ಸುತ್ತಲೂ ಒಂದೇ ಬಗೆಯ ಹಿನ್ನೆಲೆ ಇರುವುದು ಹೀಲಿಂಗ್‌ಗೆ. ದೊಡ್ಡದು, ವ್ಯಕ್ತಿಗೆ ಅಂಟಿಕೊಂಡಿರುವುದು ಅಲ್ಲೇ ಉಳಿಯಬೇಕು. ಅದು ಕಣ್ಣಿಗೆ ಹೊಡೆಯದಂತೆ ಮಂಕು ಮಾಡಿದರೆ ಸಾಕು. ಹೀಗೆ ನೋಡಿದಾಗ ಮೊಳೆ ಮತ್ತು ಹಗ್ಗ ಅಳಿಸುವ ಪಟ್ಟಿಗೆ ಬಂದವು, ಡ್ರಮ್ ಮಂಕು ಮಾಡುವ ಪಟ್ಟಿಗೆ. ಬೈರಾಸು ಅಂಚಿನಲ್ಲಿಯೇ ಇದ್ದುದರಿಂದ ಕ್ರಾಪ್ ಮಾಡಿ ಕತ್ತರಿಸಿದೆ. ಕತ್ತರಿಸಿ ಹೋಗುವುದನ್ನು ಅಳಿಸುತ್ತ ಕೂರಬೇಕಾಗಿಲ್ಲ, ಹಾಗಾಗಿ ಕ್ರಾಪ್ ಎಲ್ಲಕ್ಕಿಂತ ಮೊದಲು.

ಅದರ ನಂತರ ಹೀಲಿಂಗ್, ಆಮೇಲೆ ಬಣ್ಣ ಬೆಳಕಿನ ಕೆಲಸ. ಈ ಕ್ರಮವನ್ನು ನಾನು ತಪ್ಪಿಸುವುದಿಲ್ಲ. ಚಿತ್ರದ ವಿವರಗಳನ್ನು ಎತ್ತಿ ತೋರಿಸುವ ಡೀಟೇಲ್ಸ್ ಅಥವಾ ಎಚ್‌ಡಿಆರ್ ಮೊದಲು ಹಾಕಿದರೆ ಗೋಡೆಯ ಪ್ರತಿ ಬಿರುಕೂ ಎದ್ದು ನಿಲ್ಲುತ್ತದೆ, ಅಂಥ ಗೋಡೆಯ ಮೇಲೆ ತೇಪೆ ಹಾಕಿದರೆ ತೇಪೆ ಎಂದು ದೂರದಿಂದಲೇ ತಿಳಿಯುತ್ತದೆ.

ಮೊಳೆ ಸುಲಭವಾಗಿ ಹೋಗಬೇಕಿತ್ತು. ಮುಟ್ಟಿದೆ, ಮೊಳೆ ಹೋಯಿತು, ಆದರೆ ಗೋಡೆಯಲ್ಲಿ ಏನೋ ಉಳಿದಂತಿತ್ತು. ಹಿಗ್ಗಿಸಿ ನೋಡಿದರೆ ಬೆಳಗಿನ ಓರೆ ಬಿಸಿಲಿಗೆ ಮೊಳೆಯ ನೆರಳು ಕೆಳಗೆ ಉದ್ದಕ್ಕೆ ಬಿದ್ದಿತ್ತು. ಮೊಳೆಯಿಲ್ಲದ ನೆರಳು ಮೊಳೆಗಿಂತ ವಿಚಿತ್ರವಾಗಿ ಕಾಣುತ್ತದೆ. ಹಿಂದಕ್ಕೆ ಬಂದು, ಮೊಳೆ ಮತ್ತು ನೆರಳು ಎರಡೂ ಒಳಗೆ ಬರುವಂತೆ ಒಂದೇ ಗೀಟು ಎಳೆದೆ. ಆಗ ಗೋಡೆ ಗೋಡೆಯಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಹಗ್ಗ. ಹೀಲಿಂಗ್‌ನಲ್ಲಿ ಬ್ರಷ್ಷಿನ ದಪ್ಪವನ್ನು ಬದಲಿಸುವ ಗುಂಡಿ ಇಲ್ಲ. ಪರದೆಯ ಮೇಲೆ ಅದರ ಅಳತೆ ಯಾವಾಗಲೂ ಅಷ್ಟೇ, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಷ್ಟೂ ಚಿತ್ರದ ಲೆಕ್ಕದಲ್ಲಿ ಅದು ಸಣ್ಣದಾಗುತ್ತದೆ. ಆದ್ದರಿಂದ ಎಷ್ಟು ಹಿಗ್ಗಿಸಬೇಕು ಎನ್ನುವುದೇ ಇಲ್ಲಿನ ಕೈಚಳಕ. ನಾನು ಗೀಟಿನ ದಪ್ಪ ಹಗ್ಗಕ್ಕಿಂತ ಸ್ವಲ್ಪವೇ ಹೆಚ್ಚು ಬರುವಷ್ಟು ಹಿಗ್ಗಿಸುತ್ತೇನೆ. ಕಡಿಮೆ ಹಿಗ್ಗಿಸಿದರೆ ಹಗ್ಗದ ಜೊತೆ ಬೇಡದ ಗೋಡೆಯೂ ಅಳಿಸಿ ಹೋಗಿ ಮೋಡದಂಥ ಕಲೆ ಉಳಿಯುತ್ತದೆ. ಅತಿಯಾಗಿ ಹಿಗ್ಗಿಸಿದರೆ ಗೀಟು ಹಗ್ಗದ ಅಗಲವನ್ನು ಪೂರ್ತಿ ಮುಚ್ಚುವುದಿಲ್ಲ. ಅಂಚಿನಲ್ಲಿ ಉಳಿದ ಆ ಎಳೆಯಿಂದಲೇ ಬಣ್ಣ ತೆಗೆದುಕೊಂಡು ಹಗ್ಗ ಮಸುಕಾಗಿ ಮತ್ತೆ ಬೆಳೆದು ಬರುತ್ತದೆ. ಅಳಿಸಿದ ಹಗ್ಗ ಅದೇ ಜಾಗದಲ್ಲಿ ಮರಳಿ ಕಾಣಿಸಿಕೊಂಡರೆ ಕಾರಣ ಬಹುಪಾಲು ಇದೇ.

ಇಡೀ ಹಗ್ಗವನ್ನು ಒಂದೇ ಎಳೆತದಲ್ಲಿ ಅಳಿಸುವ ಆಸೆ ನನಗೂ ಇತ್ತು. ಹಾಗೆ ಮಾಡಿದಾಗ ಗೋಡೆಯ ಒಂದೇ ಕಲೆ ಎರಡು ಕಡೆ ಅಚ್ಚಾಗಿ ಕೂತಿತು. ಸುಣ್ಣದ ಗೋಡೆಯಲ್ಲಿ ಎರಡು ಕಲೆಗಳು ಒಂದೇ ಥರ ಇರುವುದಿಲ್ಲ, ಅದು ಕಣ್ಣಿಗೆ ಕೂಡಲೇ ಸಿಗುತ್ತದೆ. ಆಮೇಲೆ ಉಗುರಿನಷ್ಟು ಉದ್ದದ ತುಂಡು ತುಂಡಾಗಿ ಅಳಿಸಿದೆ, ಪ್ರತಿ ತುಂಡಿಗೂ ಬೆರಳು ಎತ್ತಿ ಫಲಿತಾಂಶ ನೋಡಿದೆ. ಸರಿಬರದಿದ್ದರೆ ಪರದೆಯ ಕೆಳಗಿರುವ, ಹಿಂದಕ್ಕೆ ಹೋಗುವ ಬಾಣ ಒತ್ತಿ, ಅದೇ ಜಾಗದಲ್ಲಿ ಗೀಟನ್ನು ಸ್ವಲ್ಪ ಗಿಡ್ಡ ಮಾಡಿಯೋ ಓರೆ ಮಾಡಿಯೋ ಮತ್ತೆ ಎಳೆದೆ. ಗೀಟಿನ ಆಕಾರ ಬದಲಾದರೆ ಅದು ತರುವ ತೇಪೆಯೂ ಬದಲಾಗುತ್ತದೆ.

ಕಷ್ಟವಿದ್ದದ್ದು ಹಗ್ಗ ಅತ್ತೆಯ ಕಿವಿಯ ಬಳಿ ಬಿಳಿಗೂದಲನ್ನು ಮುಟ್ಟುವಲ್ಲಿ. ದೂರದಿಂದ ಅಳಿಸುತ್ತ ಬಂದು ಕೊನೆಯ ತುಂಡಿಗೆ ಬೆರಳಿಟ್ಟಾಗ ಗೋಡೆಯ ಬದಲು ಕೂದಲು ಬಂದು ತುಂಬಿತು, ಕಿವಿಯ ಪಕ್ಕ ಒಂದು ಬೂದು ಜೊಂಪೆ ಬೆಳೆದಂತಾಯಿತು. ಆ ತುಂಡನ್ನು ಹಿಂದಕ್ಕೆ ತಂದು, ಸಾಧ್ಯವಾದಷ್ಟು ಹಿಗ್ಗಿಸಿ, ಕೂದಲಿಗೆ ತಾಗದಂತೆ ಕೂದಲಿನ ಹೊರಗೆ ಚುಕ್ಕೆಯಷ್ಟು ಮಾತ್ರ ಮುಟ್ಟಿದೆ. ಕೂದಲಿಗೂ ಹಗ್ಗಕ್ಕೂ ನಡುವೆ ಗೋಡೆಯ ಒಂದು ಸಂದು ಬಿತ್ತು. ಆ ಸಂದು ಬಿದ್ದ ಮೇಲೆ ಉಳಿದ ತುಂಡಿನ ಎರಡೂ ಬದಿಗೆ ಗೋಡೆಯೇ ಇತ್ತು, ಹಾಗಾಗಿ ಅದು ಸಲೀಸಾಗಿ ಹೋಯಿತು. ಈಗ ಯಾವ ತಂತಿ, ಹಗ್ಗ ಇದ್ದರೂ ತಲೆಯ ಬಳಿಯ ಸಂದಿನಿಂದಲೇ ಶುರು ಮಾಡಿ ಹೊರಗೆ ಹೋಗುತ್ತೇನೆ. ಕೂದಲಿನೆಳೆಗಳ ನಡುವೆಯೇ ಹಾದು ಹೋದ ಒಂದು ಚೂರನ್ನು ಹಾಗೆಯೇ ಬಿಟ್ಟೆ. ಅದನ್ನು ಕೆದಕಿದ್ದರೆ ಕೂದಲಿನ ಅಂಚು ಕೆಡುತ್ತಿತ್ತು, ಬಿಟ್ಟದ್ದರಿಂದ ಅದೂ ಒಂದು ಕೂದಲಿನೆಳೆಯಂತೆ ಕಾಣುತ್ತದೆ.

ಇನ್ನು ಡ್ರಮ್. ಸೆಲೆಕ್ಟಿವ್ ಎಂಬ ಉಪಕರಣ ತೆರೆದು ಡ್ರಮ್ಮಿನ ಮಧ್ಯೆ ಒಂದು ಬಿಂದು ಇಟ್ಟೆ. ಎರಡು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿದಾಗ ಆ ಬಿಂದುವಿನ ಪ್ರಭಾವ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಕೆಂಪಾಗಿ ಕಾಣುತ್ತದೆ. ಆ ವೃತ್ತದೊಳಗಿನ ಎಲ್ಲವನ್ನೂ ಅದು ಬದಲಿಸುವುದಿಲ್ಲ, ಬಿಂದು ಇಟ್ಟ ಜಾಗದ ಬಣ್ಣವನ್ನು ಹೋಲುವುದನ್ನು ಮಾತ್ರ ಹಿಡಿಯುತ್ತದೆ. ನನಗೆ ಈ ಉಪಕರಣ ಇಷ್ಟವಾಗುವುದು ಇದೇ ಕಾರಣಕ್ಕೆ. ಡ್ರಮ್ಮಿನ ಗೆರೆಯನ್ನು ಬೆರಳಿನಲ್ಲಿ ಹಿಡಿದು ಹೋಗುವ ಶ್ರಮವಿಲ್ಲ, ಅದು ನೀಲಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಬೆರಳನ್ನು ಮೇಲೆ ಕೆಳಗೆ ಸರಿಸಿ ಸ್ಯಾಚುರೇಶನ್ ಆರಿಸಿ, ಎಡಕ್ಕೆ ಎಳೆದು ಬಣ್ಣ ಇಳಿಸಿದೆ. ಆಮೇಲೆ ಬ್ರೈಟ್‌ನೆಸ್ ಸ್ವಲ್ಪ ಇಳಿಸಿದೆ. ನೀಲಿ ಹೋಗಿ ಡ್ರಮ್ ಹಳೆಯ ಕಲ್ಲಿನ ಬಣ್ಣಕ್ಕೆ ಬಂತು.

ಆದರೆ ಅತ್ತೆಯ ಕುಂಕುಮ ಬಣ್ಣದ ಸೀರೆಗೆ ಇದ್ದದ್ದೂ ನೀಲಿ ಅಂಚು. ಡ್ರಮ್ಮಿನ ಪಕ್ಕದಲ್ಲಿಯೇ ಇಳಿಬಿದ್ದ ಸೆರಗಿನ ಅಂಚು ಕೂಡ ಬೂದಿ ಬಣ್ಣವಾಗಿಬಿಟ್ಟಿತ್ತು. ವೃತ್ತವನ್ನು ಕುಗ್ಗಿಸಿದರೆ ಡ್ರಮ್ಮಿನ ಆಚೆಯ ಅಂಚು ನೀಲಿಯಾಗಿ ಉಳಿಯುತ್ತಿತ್ತು. ಇದಕ್ಕೆ ಮದ್ದು ಇನ್ನೊಂದು ಬಿಂದು. ಸೆರಗಿನ ನೀಲಿ ಅಂಚಿನ ಮೇಲೆ ಎರಡನೆಯ ಬಿಂದು ಇಟ್ಟು ಅದರ ಯಾವ ಅಳತೆಯನ್ನೂ ಬದಲಿಸದೆ, ಎಲ್ಲ ಸೊನ್ನೆಯಲ್ಲಿಯೇ ಬಿಟ್ಟೆ. ಏನೂ ಮಾಡದ ಆ ಬಿಂದು ತನ್ನ ಸುತ್ತಲಿನದನ್ನು ಇದ್ದಂತೆಯೇ ಹಿಡಿದಿಡುತ್ತದೆ. ಸೆರಗಿನ ನೀಲಿ ಬಹುಮಟ್ಟಿಗೆ ಮರಳಿತು. ಬಿಂದುವನ್ನು ಸರಿಯಾದ ಬಣ್ಣದ ಮೇಲೆ ಕೂರಿಸಲು ಅದನ್ನು ಒತ್ತಿ ಹಿಡಿದರೆ ಭೂತಗನ್ನಡಿಯಂಥ ವೃತ್ತ ಕಾಣುತ್ತದೆ, ಅಂಚಿನಂಥ ಕಿರಿದಾದ ಜಾಗದಲ್ಲಿ ಅದಿಲ್ಲದೆ ಆಗುವುದಿಲ್ಲ.

ಡ್ರಮ್ಮಿನ ಬಾಯಿಯ ಮೇಲೆ ಬಿಸಿಲು ಬಿದ್ದು ಒಂದು ಬಿಳಿ ಹೊಳಪು ಇತ್ತು. ಅದು ನೀಲಿಯಲ್ಲ, ಆದ್ದರಿಂದ ಸೆಲೆಕ್ಟಿವ್ ಅದನ್ನು ಮುಟ್ಟಲಿಲ್ಲ. ಅಲ್ಲಿಗೆ ಬ್ರಷ್ ಎಂಬ ಇನ್ನೊಂದು ಉಪಕರಣ ಬೇಕಾಯಿತು. ಬ್ರಷ್ ಬಣ್ಣ ನೋಡುವುದಿಲ್ಲ, ಬೆರಳು ಹೋದಲ್ಲಿಗೆ ಹೋಗುತ್ತದೆ. ಎಕ್ಸ್‌ಪೋಶರ್ ಆರಿಸಿ −0.3ಕ್ಕೆ ಇಳಿಸಿ ಹೊಳಪಿನ ಮೇಲೆ ಎಳೆದೆ, ಸಾಲದಿದ್ದಾಗ ಟಿಕ್ ಒತ್ತಿ ಮುಗಿಸಿ ಅದೇ ಉಪಕರಣವನ್ನು ಮತ್ತೊಮ್ಮೆ ತೆರೆದು ಇನ್ನೊಂದು ಪದರ ಹಾಕಿದೆ. ಒಂದೇ ಸಲ −1.0 ಹಾಕುವುದಕ್ಕಿಂತ ಇದು ಮೆದುವಾಗಿ ಕೂರುತ್ತದೆ. ಕಣ್ಣಿನ ಗುರುತು ಒತ್ತಿದರೆ ಬಳಿದ ಜಾಗ ಕೆಂಪಾಗಿ ಕಾಣುತ್ತದೆ. ನೋಡಿದಾಗ ಅತ್ತೆಯ ಮೊಣಕೈಗೂ ಸ್ವಲ್ಪ ತಾಗಿತ್ತು, ಅಳತೆಯನ್ನು ಸೊನ್ನೆಗೆ ತಂದು ಅಲ್ಲಿ ಒರೆಸಿದೆ. ಇದಕ್ಕೊಂದು ಮಿತಿಯಿದೆ. ಬಿಸಿಲಿಗೆ ಪೂರ್ತಿ ಬೆಳ್ಳಗಾಗಿ ಹೋದ ಜಾಗದಲ್ಲಿ ಒಳಗೆ ಯಾವ ವಿವರವೂ ಉಳಿದಿರುವುದಿಲ್ಲ, ಅದನ್ನು ಎಷ್ಟು ಇಳಿಸಿದರೂ ಕೊಳೆಯಾದ ಬೂದು ಬಣ್ಣ ಬರುತ್ತದೆಯೇ ಹೊರತು ಪ್ಲಾಸ್ಟಿಕ್ಕಿನ ಮೈ ಬರುವುದಿಲ್ಲ. ಆ ಹೊಳಪಿನ ನಡುಭಾಗವನ್ನು ಅದಕ್ಕಾಗಿಯೇ ಸ್ವಲ್ಪ ಬೆಳಕಾಗಿಯೇ ಬಿಟ್ಟೆ.

ಚಿತ್ರವನ್ನು ಅತ್ತೆಗೆ ಕಳಿಸಿ ಫೋನ್ ಮಾಡಿದೆ.

“ಹಗ್ಗ ಎಲ್ಲಿ ಹೋಯಿತು?” ಎಂದರು.

“ಅಳಿಸಿದ್ದೇನೆ ಅತ್ತೆ. ಡ್ರಮ್ ಅಲ್ಲೇ ಇದೆ, ಬಣ್ಣ ಮಾತ್ರ ತೆಗೆದಿದ್ದೇನೆ.”

“ಅದು ಇರಲಿ ಬಿಡು, ಬೇಸಿಗೆಯಲ್ಲಿ ಅದರ ನೀರೇ ನಮಗೆ ಗತಿ. ನನ್ನ ಸೀರೆ ಅಂಚು ಇಷ್ಟು ತೆಳುವಾಗಿ ಇರಲಿಲ್ಲವಲ್ಲ?”

ಅವರ ಕಣ್ಣು ನನಗಿಂತ ಚುರುಕು. ಸೊನ್ನೆಯ ಬಿಂದು ಒಂದೇ ಇದ್ದುದರಿಂದ ಸೆರಗಿನ ಕೆಳಗಿನ ಮಡಿಕೆಯಲ್ಲಿ ನೀಲಿ ಇನ್ನೂ ಮಂಕಾಗಿಯೇ ಇತ್ತು. ಮಾಡಿದ ಕೆಲಸಗಳ ಪಟ್ಟಿಯನ್ನು ತೆರೆದು ಸೆಲೆಕ್ಟಿವ್ ಹಂತಕ್ಕೆ ಹಿಂತಿರುಗಿ, ಸೆರಗಿನ ಬಿಂದುವಿನ ಮೇಲೆ ಒತ್ತಿ ಕಾಪಿ ಮಾಡಿ, ಕೆಳಗಿನ ಮಡಿಕೆಯ ಮೇಲೆ ಅಂಥದ್ದೇ ಇನ್ನೊಂದನ್ನು ಇಟ್ಟೆ. ಪತ್ರಿಕೆ ಅಚ್ಚಾಗಿ ಬಂದಾಗ ಅತ್ತೆ ಮೊದಲು ಬೆರಳಿಟ್ಟು ನೋಡಿದ್ದು ಆ ನೀಲಿ ಅಂಚನ್ನು.